ರಜೆಗೆ ಹೋಗುವ ಹಳ್ಳಿ ಡಾಕ್ಟರ್ ಬದಲಿ ಡಾಕ್ಟರಿಗೆ ಏನು ಬರೆದಿಡಬೇಕು?

ಪ್ರಶ್ನೆ: ಹಳ್ಳಿಯ ಕ್ಲಿನಿಕ್‌ನಲ್ಲಿ ನಾನೊಬ್ಬಳೇ ಡಾಕ್ಟರ್. ಮುಂದಿನ ತಿಂಗಳು ಮೂರು ವಾರ ರಜೆ ಹೋಗುತ್ತಿದ್ದೇನೆ. ಬದಲಿಗೆ ಬರುವವರು ಇಲ್ಲಿಗೆ ಹೊಸಬರು. ಬಿಪಿ, ಶುಗರ್, ಫಿಟ್ಸ್, ಹಾರ್ಟ್ ಎಲ್ಲ ಸೇರಿ 140 ಕಾಯಂ ರೋಗಿಗಳಿದ್ದಾರೆ. ಅವರ ಪಟ್ಟಿ, ಔಷಧದ ಸ್ಟಾಕ್, ರೆಫರ್ ಮಾಡುವ ಆಸ್ಪತ್ರೆಗಳ ನಂಬರ್ ಸೇರಿಸಿ ಬರೆದದ್ದು 11 ಪುಟ ಆಗಿದೆ. ಇದನ್ನು ಯಾರೂ ಓದಲ್ಲ ಅಂತ ನನಗೇ ಅನಿಸುತ್ತಿದೆ. ಏನು ಬಿಡಲಿ, ಏನು ಇಡಲಿ?

ಉತ್ತರ:

ಆ 11 ಪುಟವನ್ನು ಹರಿದು ಹಾಕಬೇಡಿ. ಫೈಲಿಗೆ ಸೇರಿಸಿ ಕಪಾಟಿನಲ್ಲಿಡಿ. ಮೇಜಿನ ಮೇಲೆ ಇರಬೇಕಾದದ್ದು ಬೇರೆ, ಮೂರು ನಾಲ್ಕು ಪುಟದ್ದು.

ರೋಗಿಗೆ ಯಾವ ಕಾಯಿಲೆ, ಯಾವ ಮಾತ್ರೆ ಅನ್ನುವುದು ಅವರ ಕಾರ್ಡಿನಲ್ಲೇ ಇದೆ. ಬದಲಿ ಡಾಕ್ಟರ್ ಅದನ್ನು ತೆಗೆದು ನೋಡುತ್ತಾರೆ. ಕಾರ್ಡಿನಲ್ಲಿ ಇಲ್ಲದ್ದು, ನಿಮ್ಮ ತಲೆಯಲ್ಲಿ ಮಾತ್ರ ಇರುವುದು ಒಂದಿದೆ. ಈ 21 ದಿನದಲ್ಲಿ ಯಾರಿಗೆ ಏನಾಗಬಹುದು, ಆದರೆ ಏನು ಮಾಡಬೇಕು ಅನ್ನುವುದು. ನೋಟಿನಲ್ಲಿ ಬರೆಯಬೇಕಾದದ್ದು ಅದನ್ನೇ.

ಹಾಗಾಗಿ 140 ಕಾರ್ಡುಗಳನ್ನೂ ಒಮ್ಮೆ ಕೈಯಲ್ಲಿ ಹಿಡಿದು ಮೂರು ಪ್ರಶ್ನೆ ಕೇಳಿಕೊಳ್ಳಿ. ನಾನಿಲ್ಲದಾಗ ಇವರಿಗೆ ಯಾವುದಾದರೂ ಪರೀಕ್ಷೆ, ಇಂಜೆಕ್ಷನ್ ಅಥವಾ ರಿಪೋರ್ಟ್ ಬರುವುದು ಬಾಕಿ ಇದೆಯಾ? ಔಷಧ ಎರಡು ಮೂರು ದಿನ ತಪ್ಪಿದರೆ ಇವರಿಗೆ ಅಪಾಯ ಇದೆಯಾ? ಎಲ್ಲರಿಗೂ ಬರೆಯುವ ಸಾಮಾನ್ಯ ಮಾತ್ರೆಯೊಂದು ಇವರಿಗೆ ಕೊಟ್ಟರೆ ತೊಂದರೆ ಆಗುತ್ತದಾ? ಮೂರಕ್ಕೂ ಉತ್ತರ ಇಲ್ಲ ಅಂತಾದರೆ ಅವರ ಹೆಸರು ನೋಟಿನಲ್ಲಿ ಬೇಡ. ಬಿಪಿ ಹಿಡಿತದಲ್ಲಿದೆ, ಒಂದೇ ಮಾತ್ರೆ ನುಂಗುತ್ತಾರೆ, ತಿಂಗಳ ಮಾತ್ರೆ ಕೈಯಲ್ಲಿದೆ ಅನ್ನುವವರ ಬಗ್ಗೆ ಬದಲಿ ಡಾಕ್ಟರಿಗೆ ನೀವು ಹೇಳಬೇಕಾದದ್ದು ಏನೂ ಇಲ್ಲ. ನಾನು ಹೀಗೆ ಜರಡಿ ಹಿಡಿದಾಗಲೆಲ್ಲ ಉಳಿದದ್ದು ಹನ್ನೆರಡರಿಂದ ಹದಿನೈದು ಜನ.

ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ನಾನೂ ಕೇಳಿಕೊಳ್ಳುತ್ತಿರಲಿಲ್ಲ. ಅದನ್ನು ನನಗೆ ಕಲಿಸಿದ್ದು ಒಬ್ಬ ರೋಗಿ.

ಆಗ ನಾನೇ ಬದಲಿ ಡಾಕ್ಟರ್ ಆಗಿ ಒಂದು ಕ್ಲಿನಿಕ್‌ಗೆ ಹೋಗಿದ್ದೆ. ಅಲ್ಲಿನ ಡಾಕ್ಟರ್ ಬಿಟ್ಟುಹೋದ ನೋಟಿನಲ್ಲಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಬಗ್ಗೆ ಒಂದು ಸಾಲಿತ್ತು: ‘ವಾರ್ಫರಿನ್ ರೋಗಿಗಳು ಮೂವರು, ಅದೇ ಡೋಸ್ ಮುಂದುವರಿಸಿ.’ ನಾಲ್ಕನೇ ದಿನ ಸುಮಾರು ಅರವತ್ತು ದಾಟಿದ ಒಬ್ಬ ಅಮ್ಮ ಬಂದರು. ವಸಡು ಊದಿತ್ತು, ಕೀವು ಇತ್ತು. ಜನ ತುಂಬಾ ಇದ್ದರು. ಹೃದಯಕ್ಕೆ ಮಾತ್ರೆ ತಗೊಳ್ತೀನಿ ಅಂದರು, ನಾನು ಬಿಪಿ ಮಾತ್ರೆ ಇರಬೇಕು ಅಂದುಕೊಂಡೆ. ಕಾರ್ಡ್ ತೆಗೆಸಿ ನೋಡಲಿಲ್ಲ. ಮೆಟ್ರೊನಿಡಜೋಲ್ 400 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಐದು ದಿನಕ್ಕೆ ಬರೆದೆ. ಆರನೇ ದಿನ ಮಗ ಕರೆದುಕೊಂಡು ಬಂದ. ಮೂಗಿನಿಂದ ಸೋರುತ್ತಿದ್ದ ರಕ್ತ ರಾತ್ರಿಯಿಂದ ನಿಂತಿರಲಿಲ್ಲ, ಮೂತ್ರ ಕೆಂಪಗಿತ್ತು, ತೋಳಿನ ಮೇಲೆಲ್ಲ ನೀಲಿ ಕಲೆ. ದೊಡ್ಡ ಆಸ್ಪತ್ರೆಗೆ ಕಳಿಸಿದೆ. ವಾರ್ಫರಿನ್ ತೆಗೆದುಕೊಳ್ಳುವ ಆ ಮೂವರಲ್ಲಿ ಅವರೂ ಒಬ್ಬರು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ತೋರಿಸುವ ಐಎನ್‌ಆರ್ ಅಲ್ಲಿ 8 ದಾಟಿತ್ತು. ಆ ಅಮ್ಮ ಉಳಿದರು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದರು. ಆ ನಾಲ್ಕು ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ತಪ್ಪು ನನ್ನದೇ. ಆದರೆ ಅದು ಹೇಗೆ ಆಯಿತು ಅಂತ ನೋಡಿ. ಲಿವರ್‌ನಲ್ಲಿ ವಾರ್ಫರಿನ್ ಅನ್ನು ಕರಗಿಸುವ ಕಿಣ್ವವನ್ನು ಮೆಟ್ರೊನಿಡಜೋಲ್ ತಡೆಯುತ್ತದೆ. ರೋಗಿ ನುಂಗುವ ಮಾತ್ರೆ ಅಷ್ಟೇ ಇದ್ದರೂ ದೇಹದಲ್ಲಿ ವಾರ್ಫರಿನ್ ಏರುತ್ತಾ ಹೋಗುತ್ತದೆ. ಪರಿಣಾಮ ಅವತ್ತೇ ಕಾಣುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಮೊದಲೇ ರಕ್ತದಲ್ಲಿ ಇರುತ್ತವೆ, ಅವು ಖರ್ಚಾಗಲು ಎರಡು ಮೂರು ದಿನ ಬೇಕು. ‘ಅದೇ ಡೋಸ್ ಮುಂದುವರಿಸಿ’ ಅನ್ನುವ ಸಾಲನ್ನು ನಾನು ಅಕ್ಷರಶಃ ಪಾಲಿಸಿದ್ದೆ. ವಾರ್ಫರಿನ್ ಡೋಸ್ ಬದಲಾಗಿರಲೇ ಇಲ್ಲ. ಆ ಸಾಲು ವಾರ್ಫರಿನ್ ಬಗ್ಗೆ ಇತ್ತು, ಆ ಅಮ್ಮನ ಬಗ್ಗೆ ಇರಲಿಲ್ಲ.

ಅದಾದ ಮೇಲೆ ನನ್ನ ಕ್ಲಿನಿಕ್‌ನಲ್ಲಿ ಅಂಥದ್ದೇ ರೋಗಿಯ ಬಗ್ಗೆ ನಾನು ಬರೆಯುವುದು ಹೀಗೆ. ಪೂರ್ತಿ ಕೊಡುತ್ತೇನೆ:

‘ಕಾರ್ಡ್ 112. ಮಹಿಳೆ, 63 ವರ್ಷ. ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್. ವಾರ್ಫರಿನ್ 1 ಮಿಲಿಗ್ರಾಂ ಮಾತ್ರೆ ಮಾತ್ರ ಕೊಡುತ್ತೇವೆ, ಬೇರೆ ಶಕ್ತಿಯ ಮಾತ್ರೆ ಕೊಡಬೇಡಿ. ಸೋಮ, ಬುಧ, ಶುಕ್ರ 3 ಮಾತ್ರೆ. ಉಳಿದ ನಾಲ್ಕು ದಿನ 4 ಮಾತ್ರೆ. ವಾರಕ್ಕೆ ಒಟ್ಟು 25 ಮಿಲಿಗ್ರಾಂ. ಐಎನ್‌ಆರ್ ಗುರಿ 2.5ರಿಂದ 3.5. ಕಳೆದ ಮೂರು ಸಲ 2.8, 3.1, 2.9. ಮುಂದಿನ ಪರೀಕ್ಷೆ 12ನೇ ತಾರೀಕು. ಅವತ್ತು ಬರದಿದ್ದರೆ ಮಗನಿಗೆ ಫೋನ್ ಮಾಡಿಸಿ.

ಗುರಿಯೊಳಗೆ ಇದ್ದರೆ ಅದೇ ಡೋಸ್. 3.6ರಿಂದ 4.0 ಇದ್ದರೆ ಅದೇ ಡೋಸ್, ಒಂದು ವಾರದಲ್ಲಿ ಮತ್ತೆ ಪರೀಕ್ಷೆ. 4.1ರಿಂದ 4.9 ಇದ್ದರೆ ಒಂದು ದಿನದ ಮಾತ್ರೆ ಬಿಟ್ಟು, ವಾರಕ್ಕೆ 23ಕ್ಕೆ ಇಳಿಸಿ, ವಾರದೊಳಗೆ ಪರೀಕ್ಷೆ. 5 ಅಥವಾ ಜಾಸ್ತಿ ಇದ್ದರೆ, ರಕ್ತ ಸೋರದಿದ್ದರೂ ಮಾತ್ರೆ ನಿಲ್ಲಿಸಿ ಅವತ್ತೇ ಹೃದಯ ತಜ್ಞರಿಗೆ ಫೋನ್ ಮಾಡಿ. ಎಲ್ಲಿಂದಲಾದರೂ ರಕ್ತ ಸೋರುತ್ತಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ, ಅಂಕಿ ಎಷ್ಟೇ ಇರಲಿ ಕಳಿಸಿ. ಹೆಚ್ಚಿನ ಡೋಸ್ ವಿಟಮಿನ್ ಕೆ ನೀವಾಗಿ ಕೊಡಬೇಡಿ, ವಾಲ್ವ್ ಮೇಲೆ ಹೆಪ್ಪುಗಟ್ಟಬಹುದು. ತಜ್ಞರನ್ನು ಕೇಳಿ.

2.0ರಿಂದ 2.4 ಇದ್ದರೆ ಮಾತ್ರೆ ತಪ್ಪಿದೆಯಾ ಕೇಳಿ. ತಪ್ಪಿದ್ದರೆ ಅದೇ ಡೋಸ್. ತಪ್ಪದೆಯೂ ಕಡಿಮೆ ಆಗಿದ್ದರೆ ವಾರಕ್ಕೆ 27. ಎರಡರಲ್ಲೂ ವಾರದಲ್ಲಿ ಮತ್ತೆ ಪರೀಕ್ಷೆ. 2ಕ್ಕಿಂತ ಕಡಿಮೆ ಇದ್ದರೆ ಅವತ್ತೇ ತಜ್ಞರಿಗೆ ಫೋನ್.

ಇವರಿಗೆ ಬರೆಯಬಾರದ್ದು: ಮೆಟ್ರೊನಿಡಜೋಲ್, ಕೋಟ್ರೈಮೊಕ್ಸಜೋಲ್, ಫ್ಲುಕೊನಜೋಲ್, ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೆನ್ ಥರದ ನೋವಿನ ಮಾತ್ರೆ, ಸ್ನಾಯುವಿಗೆ ಇಂಜೆಕ್ಷನ್. ಯಾವ ಆ್ಯಂಟಿಬಯಾಟಿಕ್ ಕೊಟ್ಟರೂ ಮೂರರಿಂದ ಐದು ದಿನದೊಳಗೆ ಐಎನ್‌ಆರ್ ಮಾಡಿಸಿ. ಹಲ್ಲು ಕೀಳಿಸುವ ಮಾತು ಬಂದರೆ ನಾನು ಬರುವವರೆಗೆ ಕಾಯಬಹುದಾ ನೋಡಿ, ಇಲ್ಲದಿದ್ದರೆ ತಜ್ಞರನ್ನು ಕೇಳಿ.

ವಾಲ್ವಿನ ಟಿಕ್ ಟಿಕ್ ಶಬ್ದ ಇವರಿಗೇ ಕೇಳಿಸುತ್ತದೆ. ಅದು ಮಂಕಾಗಿದೆ ಅಂದರೆ, ಅಥವಾ ಇದ್ದಕ್ಕಿದ್ದಂತೆ ಉಸಿರುಗಟ್ಟಿದರೆ, ವಾಲ್ವ್ ಮೇಲೆ ಹೆಪ್ಪುಗಟ್ಟಿರಬಹುದು. ತಕ್ಷಣ ಕಳಿಸಿ.

ಇವರಿಗೆ ಓದಲು ಬರುವುದಿಲ್ಲ. ಡೋಸ್ ಬಾಯಲ್ಲಿ ಹೇಳಬೇಡಿ, ಮಾತ್ರೆ ಅಂಗೈ ಮೇಲಿಟ್ಟು ಎಣಿಸಿ ತೋರಿಸಿ.’

ಇದು ಒಬ್ಬರಿಗೇ ಅರ್ಧ ಪುಟ ಆಯಿತು, ನಿಜ. ಆದರೆ ಇಷ್ಟು ಉದ್ದ ಬೇಕಾಗುವುದು ಇಬ್ಬರು ಮೂವರಿಗೆ ಮಾತ್ರ. ಇಲ್ಲಿನ ಅಂಕಿಗಳನ್ನು ನೀವು ಹಾಗೇ ಎತ್ತಿಕೊಳ್ಳಬೇಡಿ. ಇವು ಆ ರೋಗಿಯ ಹೃದಯ ತಜ್ಞರ ಜೊತೆ ಮಾತಾಡಿ ಗೊತ್ತು ಮಾಡಿದವು. ನಿಮ್ಮ ರೋಗಿಗೆ ಗುರಿ ಬೇರೆ ಇರಬಹುದು, ಬೇರೆ ಜಾಗದ ವಾಲ್ವ್ ಇರಬಹುದು. ರಜೆಗೆ ಮೊದಲೇ ತಜ್ಞರಿಗೆ ಒಂದು ಫೋನ್ ಮಾಡಿ ಅಂಕಿಗಳನ್ನು ಬರೆದುಕೊಳ್ಳಿ. ಆ ಫೋನ್ ನೀವೇ ಮಾಡಿದರೆ ಐದು ನಿಮಿಷದ ಕೆಲಸ. ರಾತ್ರಿ ಹತ್ತಕ್ಕೆ, ರೋಗಿಯನ್ನು ಒಮ್ಮೆಯೂ ನೋಡಿರದ ಬದಲಿ ಡಾಕ್ಟರ್ ಮಾಡಿದರೆ ಅದು ತುಂಬಾ ಕಷ್ಟದ ಕೆಲಸ.

ಮಿಲಿಗ್ರಾಂ, ಮಾತ್ರೆಯ ಎಣಿಕೆ, ವಾರದ ಒಟ್ಟು, ಮೂರನ್ನೂ ಬರೆದದ್ದು ಬೇಕೆಂದೇ. ‘ಮೂರು ಕೊಡಿ’ ಅಂತ ಮಾತ್ರ ಬರೆದರೆ ಯಾರೋ 2 ಮಿಲಿಗ್ರಾಂ ಮಾತ್ರೆ ಮೂರು ಕೊಟ್ಟುಬಿಡುತ್ತಾರೆ. ಮೂರೂ ಇದ್ದರೆ ಲೆಕ್ಕ ತಾಳೆ ಆಗದಾಗ ಓದುವವರೇ ನಿಂತು ಯೋಚಿಸುತ್ತಾರೆ.

ಉಳಿದವರಿಗೆ ಎರಡು ಮೂರು ಸಾಲು ಸಾಕು. ಆದರೆ ಆ ಸಾಲುಗಳಲ್ಲಿ ಹೇಳಬೇಕಾದದ್ದು ಆ ರೋಗಿಯ ವಿಚಿತ್ರವನ್ನು. ಹೃದಯ ದುರ್ಬಲವಾಗಿ ಕಾಲು ಊದುವ ಒಬ್ಬ ಅಜ್ಜನ ಬಿಪಿ ಯಾವಾಗಲೂ 96/60 ಇರುತ್ತದೆ ಅಂದುಕೊಳ್ಳಿ. ತಲೆ ಸುತ್ತುವುದಿಲ್ಲ, ಓಡಾಡುತ್ತಾನೆ. ನಿಮಗೆ ಅದು ಗೊತ್ತು. ಹೊಸಬರು ಆ ಅಂಕಿ ನೋಡಿ ಗಾಬರಿಯಾಗಿ, ಹೃದಯವನ್ನು ಕಾಪಾಡುತ್ತಿರುವ ಮಾತ್ರೆಗಳನ್ನೇ ನಿಲ್ಲಿಸಿಬಿಡಬಹುದು. ಹಾಗಾಗಿ ಬರೆಯಿರಿ: ‘ಇವರ ಮಾಮೂಲಿ ಬಿಪಿ ಇದೇ, ತಲೆ ಸುತ್ತದಿದ್ದರೆ ಮಾತ್ರೆ ಬದಲಿಸಬೇಡಿ. ನೀರು ತುಂಬದಿದ್ದಾಗ ತೂಕ 58 ಕೆಜಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ಅಥವಾ ಮಲಗಿದಾಗ ಉಸಿರಾಟ ಕಷ್ಟವಾದರೆ ನೀರು ತುಂಬುತ್ತಿದೆ ಅಂತ.’ ಆಗ ಫ್ಯುರೊಸೆಮೈಡ್ ಎಷ್ಟು, ಎಷ್ಟು ದಿನ ಏರಿಸಬೇಕು, ಯಾವಾಗ ಕಳಿಸಬೇಕು ಅನ್ನುವುದನ್ನೂ ಬರೆಯಿರಿ. ಕಿಡ್ನಿಯ ಕೊನೆಯ ಕ್ರಿಯೇಟಿನಿನ್ ಅಂಕಿಯನ್ನೂ ಪಕ್ಕದಲ್ಲಿ ಹಾಕಿ. ಅದು ಇಲ್ಲದೆ ಹೊಸ ರಿಪೋರ್ಟ್ ಬಂದಾಗ ಜಾಸ್ತಿಯಾಗಿದೆಯೋ, ಮೊದಲಿನಿಂದ ಹೀಗೇ ಇದೆಯೋ ಗೊತ್ತಾಗುವುದಿಲ್ಲ.

ಫಿಟ್ಸ್ ರೋಗಿಗಳಿಗೆ ಒಂದೇ ಮಾತು ಮುಖ್ಯ: ಔಷಧ ಒಂದು ದಿನವೂ ತಪ್ಪಬಾರದು, ಕಂಪನಿಯೂ ಬದಲಾಗಬಾರದು. ಫೆನಿಟೊಯಿನ್ ತೆಗೆದುಕೊಳ್ಳುವವರಲ್ಲಿ ಡೋಸ್ ಸ್ವಲ್ಪ ಏರಿದರೂ ರಕ್ತದಲ್ಲಿ ಅದರ ಮಟ್ಟ ದಿಢೀರನೆ ಏರಬಹುದು. ತೂರಾಡುತ್ತಾ ನಡೆಯುವುದು, ಮಾತು ತೊದಲುವುದು, ಕಣ್ಣುಗುಡ್ಡೆ ಅದುರುವುದು ಕಂಡರೆ ಡೋಸ್ ಜಾಸ್ತಿಯಾಗಿದೆ ಅಂತ ಅನುಮಾನ ಪಡಬೇಕು.

ಇನ್ನೊಂದು ಪಟ್ಟಿ ಚಿಕ್ಕದು, ಆದರೆ ಮರೆತರೆ ದೊಡ್ಡ ನಷ್ಟ. ನೀವು ಕಳಿಸಿದ್ದೀರಿ, ಇನ್ನೂ ಬಂದಿಲ್ಲ ಅನ್ನುವ ರಿಪೋರ್ಟುಗಳು. ಗಂಟಿನಿಂದ ತೆಗೆದು ಕಳಿಸಿದ ತುಣುಕು, ಕಫದ ಪರೀಕ್ಷೆ, ಗರ್ಭಿಣಿಯ ರಕ್ತ. ಯಾರದು, ಯಾವತ್ತು ಕಳಿಸಿದ್ದು, ಎಲ್ಲಿಗೆ, ಯಾವತ್ತಿಗೆ ಬರಬೇಕು, ಕೆಟ್ಟ ಸುದ್ದಿ ಬಂದರೆ ರೋಗಿಗೆ ಯಾರು ಹೇಳಬೇಕು. ರಿಪೋರ್ಟ್ ಬಂದರೂ ಅದು ಯಾಕೆ ಮುಖ್ಯ ಅಂತ ಗೊತ್ತಿಲ್ಲದವರ ಕೈಗೆ ಸಿಕ್ಕರೆ ಸುಮ್ನೆ ಫೈಲಿಗೆ ಹೋಗುತ್ತದೆ.

ಈಗ ಔಷಧದ ಸ್ಟಾಕ್. ನಿಮ್ಮ 11 ಪುಟದಲ್ಲಿ ಬಹುಶಃ ಅರ್ಧ ಇದೇ ಇರಬೇಕು, ಅಲ್ವಾ? ಎಲ್ಲ ಔಷಧದ ಎಣಿಕೆ ಸ್ಟಾಕ್ ಪುಸ್ತಕದಲ್ಲಿರಲಿ. ನೋಟಿನಲ್ಲಿ ಬೇಕಾದದ್ದು ‘ಎಷ್ಟು ಇದೆ’ ಅಲ್ಲ, ‘ಯಾವತ್ತಿನ ತನಕ ಬರುತ್ತದೆ’ ಅನ್ನುವುದು. ಅದೂ ತಪ್ಪಿದರೆ ಅಪಾಯ ಇರುವ ಔಷಧಗಳದ್ದು ಮಾತ್ರ: ಇನ್ಸುಲಿನ್, ಫಿಟ್ಸ್ ಮಾತ್ರೆ, ವಾರ್ಫರಿನ್, ಸ್ಟೀರಾಯ್ಡ್, ಅಸ್ತಮಾ ಇನ್ಹೇಲರ್, ತುರ್ತು ಟ್ರೇಯಲ್ಲಿರುವವು.

ಲೆಕ್ಕ ಸುಲಭ ಅನಿಸುತ್ತದೆ, ಆದರೆ ಇನ್ಸುಲಿನ್‌ನಲ್ಲಿ ಎಡವುತ್ತೇವೆ. ಒಂದು ಉದಾಹರಣೆ ನೋಡಿ. ನಿಮ್ಮಲ್ಲಿ ಒಂದೇ ಬಗೆಯ ಇನ್ಸುಲಿನ್ ತೆಗೆದುಕೊಳ್ಳುವ ಐದು ಜನ ಇದ್ದಾರೆ. ದಿನಕ್ಕೆ 28, 20, 36, 16, 20 ಯೂನಿಟ್. ಒಟ್ಟು 120. ಮಿಲಿಗೆ 40 ಯೂನಿಟ್ ಇರುವ 10 ಮಿಲಿ ಬಾಟಲಿಯಲ್ಲಿ 400 ಯೂನಿಟ್ ಇರುತ್ತದೆ. 21 ದಿನಕ್ಕೆ ಬೇಕಾದದ್ದು 2,520. ಭಾಗಿಸಿದರೆ 6.3, ಏಳು ಬಾಟಲಿ ಸಾಕು ಅನಿಸುತ್ತದೆ. ಸಾಲುವುದಿಲ್ಲ. ಬಾಟಲಿ ಒಬ್ಬೊಬ್ಬರ ಮನೆಗೆ ಹೋಗುತ್ತದೆ, ಅದನ್ನು ಹಂಚಿಕೊಳ್ಳಲು ಆಗುವುದಿಲ್ಲ. ಒಬ್ಬೊಬ್ಬರದ್ದೇ ಲೆಕ್ಕ ಹಾಕಿ. 28 ಯೂನಿಟ್‌ನವರಿಗೆ 588, ಎರಡು ಬಾಟಲಿ. 20ರವರಿಗೆ 420, ಅಂದರೆ ಒಂದು ಬಾಟಲಿ ಮುಗಿದು ಕೊನೆಯ ದಿನಕ್ಕೆ ಇನ್ನೊಂದು ತೆಗೆಯಬೇಕು. ಅಂಥವರು ಇಬ್ಬರು. 36ರವರಿಗೆ 756, ಎರಡು. 16ರವರಿಗೆ 336, ಒಂದು. ಒಟ್ಟು ಒಂಬತ್ತು. ಏಳೇ ಇಟ್ಟು ಹೋದರೆ ನಿಮ್ಮ ರಜೆಯ ಮೂರನೇ ವಾರ ಇಬ್ಬರು ಖಾಲಿ ಬಾಟಲಿ ಹಿಡಿದು ಬರುತ್ತಾರೆ. ಒಂದು ಬಾಟಲಿ ಒಡೆಯಬಹುದು, ನೀವು ವಾಪಸ್ ಬರುವುದು ಎರಡು ದಿನ ತಡವಾಗಬಹುದು. ಆದ್ದರಿಂದ ಹನ್ನೊಂದು ಇಡಿ ಅನ್ನುತ್ತೇನೆ.

ಇದರ ಜೊತೆ ನೋಟಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕಾದ ಇನ್ನೊಂದು ಮಾತಿದೆ. ಕೆಲವು ಕಡೆ ಇನ್ಸುಲಿನ್ ಮಿಲಿಗೆ 40 ಯೂನಿಟ್ ಬರುತ್ತದೆ, ಕೆಲವು ಕಡೆ 100. ಸಿರಿಂಜ್ ಕೂಡ ಎರಡು ಬಗೆಯವು. 40ರ ಸಿರಿಂಜಿನಲ್ಲಿ 100ರ ಇನ್ಸುಲಿನ್ ಎಳೆದರೆ ಗುರುತು 20 ತೋರಿಸಿದರೂ ಒಳಗೆ ಹೋಗುವುದು 50 ಯೂನಿಟ್. ಶುಗರ್ ಕುಸಿದು ರೋಗಿ ಪ್ರಜ್ಞೆ ತಪ್ಪುತ್ತಾರೆ. ಬದಲಿ ಡಾಕ್ಟರ್ ಬೇರೆ ಬಗೆಯದ್ದನ್ನೇ ಬಳಸಿ ಬಂದವರಾಗಿರಬಹುದು. ನಿಮ್ಮ ಕ್ಲಿನಿಕ್‌ನಲ್ಲಿ ಇರುವುದು ಯಾವುದು, ಸಿರಿಂಜ್ ಯಾವುದು ಅಂತ ಒಂದೇ ಸಾಲಿನಲ್ಲಿ ಹೇಳಿ. ಎರಡೂ ಬಗೆಯ ಸಿರಿಂಜ್ ಕಪಾಟಿನಲ್ಲಿದ್ದರೆ ಹೊರಡುವ ಮೊದಲು ಒಂದನ್ನು ತೆಗೆದುಬಿಡಿ.

ಫ್ರಿಜ್ ಬಗ್ಗೆ ಎರಡು ಸಾಲು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಐಸ್ ಬಾಕ್ಸಿಗೆ ತಾಗಬಾರದು. ಹೆಪ್ಪುಗಟ್ಟಿದ್ದನ್ನು ಕರಗಿಸಿ ಕೊಡುವ ಹಾಗಿಲ್ಲ, ಎಸೆಯಬೇಕು. ಬಳಸಲು ಶುರು ಮಾಡಿದ ಬಾಟಲಿಯ ಮೇಲೆ ತಾರೀಕು ಬರೆಯಿರಿ. ಸಾಮಾನ್ಯವಾಗಿ ನಾಲ್ಕು ವಾರದ ಮೇಲೆ ಅದು ಬೇಡ. ಕರೆಂಟ್ ಹೋದರೆ ಬಾಟಲಿಗಳನ್ನು ಎಲ್ಲಿ ಇಡಬೇಕು ಅನ್ನುವುದು ನಿಮ್ಮ ನರ್ಸ್‌ಗೆ ಗೊತ್ತಿರುತ್ತದೆ. ಆದರೆ ನರ್ಸ್ ಕೂಡ ರಜೆ ಹಾಕಬಹುದು. ಅದನ್ನೂ ಬರೆದಿಡಿ.

ಮಾತ್ರೆಗಳಲ್ಲಿ ನಾನು ಮಾಡುವುದು ಇಷ್ಟು. ಅಪಾಯ ಇರುವ ಔಷಧವನ್ನು ರೋಗಿಯ ಕಾರ್ಡ್ ನಂಬರ್ ಬರೆದ ಕವರಿನಲ್ಲಿ ಹಾಕಿ ಬೇರೆ ಇಡುತ್ತೇನೆ. ಕಾರ್ಡ್ 112ರವರಿಗೆ ವಾರಕ್ಕೆ 25 ಮಾತ್ರೆ, ಮೂರು ವಾರಕ್ಕೆ 75. ಡೋಸ್ 27ಕ್ಕೆ ಏರಿದರೆ 81. ಕವರಿನಲ್ಲಿ 100 ಇಡುತ್ತೇನೆ. ಸಾಮಾನ್ಯ ಡಬ್ಬದಿಂದ ಯಾರಿಗೋ ಕೊಟ್ಟು ಖಾಲಿಯಾಯಿತು ಅನ್ನುವ ಮಾತು ಬರುವುದಿಲ್ಲ.

ತುರ್ತು ಟ್ರೇಯನ್ನು ಕಾಗದದಲ್ಲಿ ವಿವರಿಸಬೇಡಿ. ಬದಲಿ ಡಾಕ್ಟರ್ ಬಂದ ದಿನ ಇಬ್ಬರೂ ಸೇರಿ ತೆರೆದು ನೋಡಿ. ಅಡ್ರಿನಲಿನ್ ಎಲ್ಲಿದೆ, ಗ್ಲೂಕೋಸ್ ಎಲ್ಲಿದೆ, ಆಕ್ಸಿಜನ್ ಸಿಲಿಂಡರಿನ ಕೀ ಎಲ್ಲಿದೆ. ಕೈಯಲ್ಲಿ ಮುಟ್ಟಿದ್ದು ತುರ್ತಿನಲ್ಲಿ ನೆನಪಾಗುತ್ತದೆ. ಮಾರ್ಫಿನ್ ಥರದ ಲೆಕ್ಕ ಇಡಬೇಕಾದ ಔಷಧ ಇದ್ದರೆ ಆಗಲೇ ಇಬ್ಬರೂ ಎಣಿಸಿ, ರಿಜಿಸ್ಟರಿನಲ್ಲಿ ತಾರೀಕು, ಸಮಯ ಹಾಕಿ ಇಬ್ಬರೂ ಸಹಿ ಮಾಡಿ. ವಾಪಸ್ ಬಂದ ದಿನವೂ ಹಾಗೇ. ನಂಬಿಕೆ ಇಲ್ಲ ಅಂತಲ್ಲ. ಒಂದು ಆಂಪೂಲ್ ಕಡಿಮೆ ಬಂದರೆ ಇಬ್ಬರಲ್ಲಿ ಯಾರ ಕಾಲದಲ್ಲಿ ಅನ್ನುವ ಅನುಮಾನವೇ ಹುಟ್ಟಬಾರದು.

ಇನ್ನು ರೆಫರ್ ಮಾಡುವ ನಂಬರುಗಳು. ಆಸ್ಪತ್ರೆಯ ಹೆಸರಿನ ಪ್ರಕಾರ ಪಟ್ಟಿ ಮಾಡಬೇಡಿ, ತೊಂದರೆಯ ಪ್ರಕಾರ ಮಾಡಿ. ರಾತ್ರಿ ಎರಡಕ್ಕೆ ಬದಲಿ ಡಾಕ್ಟರ್ ಕೇಳಿಕೊಳ್ಳುವ ಪ್ರಶ್ನೆ ‘ಈ ಆಸ್ಪತ್ರೆಯಲ್ಲಿ ಏನೇನಿದೆ’ ಅಲ್ಲ. ‘ಸ್ಟ್ರೋಕ್ ಆಗಿದೆ, ಎಲ್ಲಿಗೆ ಕಳಿಸಲಿ’ ಅನ್ನುವುದು. ಎದೆನೋವು, ಸ್ಟ್ರೋಕ್, ಹೆರಿಗೆ ಅಡ್ಡಿ, ಮಗುವಿಗೆ ಉಸಿರಾಟ, ವಿಷ, ಹಾವು ಕಡಿತ, ಅಪಘಾತ. ಒಂದೊಂದರ ಎದುರು ಎಲ್ಲಿಗೆ, ಯಾರಿಗೆ ಫೋನ್, ದಾರಿಗೆ ಎಷ್ಟು ಹೊತ್ತು, ಕಳಿಸುವ ಮೊದಲು ಏನು ಮಾಡಬೇಕು. ಜೊತೆಗೆ ಅಲ್ಲಿ ಏನು ಇಲ್ಲ ಅನ್ನುವುದನ್ನೂ ಬರೆಯಿರಿ. ‘ಹತ್ತಿರದ್ದು, ಆದರೆ ರಾತ್ರಿ ಸಿಟಿ ಸ್ಕ್ಯಾನ್ ಇಲ್ಲ’ ಅನ್ನುವ ಒಂದು ಸಾಲು ಎರಡು ಗಂಟೆ ಉಳಿಸುತ್ತದೆ.

ಸ್ಟ್ರೋಕನ್ನೇ ತೆಗೆದುಕೊಳ್ಳಿ. ಮೆದುಳಿನ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಸ್ಕ್ಯಾನ್ ಇರುವ ಆಸ್ಪತ್ರೆಗೆ ನಿಮ್ಮಲ್ಲಿಂದ 1 ಗಂಟೆ 50 ನಿಮಿಷ ಬೇಕು ಅಂದುಕೊಳ್ಳಿ. ಅಲ್ಲಿ ಸ್ಕ್ಯಾನ್ ಮಾಡಿ ಇಂಜೆಕ್ಷನ್ ಕೊಡಲು ಸುಮಾರು ಒಂದು ಗಂಟೆ. ಕಳೆದರೆ ಉಳಿಯುವುದು 1 ಗಂಟೆ 40 ನಿಮಿಷ. ಅದರಲ್ಲಿ ಮನೆಯವರಿಗೆ ಗೊತ್ತಾಗಿ, ನಿಮ್ಮಲ್ಲಿಗೆ ತಂದು, ವಾಹನ ಹೊರಡಬೇಕು. ನೋಟಿನಲ್ಲಿ ಹೀಗೆ ಹಾಕಿ: ‘ಸ್ಟ್ರೋಕ್ ಅನುಮಾನ ಬಂದರೆ ಶುಗರ್ ನೋಡಿ, ಕಡಿಮೆ ಇದ್ದರೆ ಸರಿಪಡಿಸಿ, ಇಲ್ಲವಾದರೆ ತಕ್ಷಣ ವಾಹನ. ವಾಹನ ಹೊರಟ ಮೇಲೆ ಆಸ್ಪತ್ರೆಗೆ ಫೋನ್. ಸ್ಕ್ಯಾನ್ ಆಗುವ ತನಕ ಆಸ್ಪಿರಿನ್ ಕೊಡಬೇಡಿ. ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಹೊತ್ತಿಗೆ ಅಂತ ಚೀಟಿಯಲ್ಲಿ ಬರೆಯಿರಿ.’ ಆ ಹೊತ್ತು ಅಂದರೆ ನೋಡಿದವರು ತೊಂದರೆ ಕಂಡ ಹೊತ್ತಲ್ಲ. ಬೆಳಿಗ್ಗೆ ಆರಕ್ಕೆ ಎಬ್ಬಿಸಲು ಹೋದಾಗ ಕೈ ಬಿದ್ದಿತ್ತು, ರಾತ್ರಿ ಹತ್ತಕ್ಕೆ ಮಲಗುವಾಗ ಸರಿಯಿದ್ದರು ಅಂದರೆ, ಲೆಕ್ಕ ರಾತ್ರಿ ಹತ್ತರಿಂದ. ಆಗಲೂ ಕಳಿಸಿ, ಏನು ಮಾಡಬಹುದು ಅಂತ ಅವರು ಸ್ಕ್ಯಾನ್ ನೋಡಿ ತೀರ್ಮಾನಿಸಲಿ. ಕಾರ್ಡ್ 112ರವರಿಗೇ ಹೀಗಾದರೆ ವಾರ್ಫರಿನ್ ಅನ್ನುವುದನ್ನು ಫೋನಿನಲ್ಲಿ ಮೊದಲ ಮಾತಾಗಿ ಹೇಳಬೇಕು. ಐಎನ್‌ಆರ್ 1.7ಕ್ಕಿಂತ ಜಾಸ್ತಿ ಇದ್ದರೆ ಆ ಇಂಜೆಕ್ಷನ್ ಕೊಡುವುದಿಲ್ಲ, ಮೆದುಳಿನಲ್ಲಿ ರಕ್ತಸ್ರಾವವೂ ಆಗಿರಬಹುದು.

ಹೊರಡುವ ವಾರ ಪಟ್ಟಿಯ ಎಲ್ಲ ನಂಬರಿಗೂ ನೀವೇ ಫೋನ್ ಮಾಡಿ ನೋಡಿ. ಹಗಲು ಒಮ್ಮೆ, ರಾತ್ರಿ ಒಮ್ಮೆ. ನಾನು ಒಂದು ಸಲ ಹೀಗೆ ಮಾಡಿದಾಗ ಏಳರಲ್ಲಿ ಎರಡು ನಂಬರ್ ಚಾಲ್ತಿಯಲ್ಲೇ ಇರಲಿಲ್ಲ. ಮೂರನೆಯದರಲ್ಲಿ ಎತ್ತಿದವರು, ನಾನು ಹೆಸರು ಬರೆದಿಟ್ಟ ತಜ್ಞರು ಬಿಟ್ಟುಹೋಗಿ ಆರು ತಿಂಗಳಾಯಿತು ಅಂದರು. ಅಷ್ಟು ದಿನ ನಾನೂ ಆ ನಂಬರಿಗೆ ಮಾಡಿರಲಿಲ್ಲ. ಫೋನ್ ಮಾಡಿದಾಗಲೇ ಬದಲಿ ಡಾಕ್ಟರ್ ಹೆಸರು ಹೇಳಿ, ಇಂಥ ದಿನದಿಂದ ಇವರು ಕರೆ ಮಾಡುತ್ತಾರೆ ಅಂತ ತಿಳಿಸಿ. ಆಮೇಲೆ ಅವರು ‘ನೀವು ಯಾರು’ ಅನ್ನುವುದರಿಂದ ಶುರು ಮಾಡಬೇಕಾಗುವುದಿಲ್ಲ.

ನೋಟನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸುವ ಆಸೆ ಆಗುತ್ತದೆ. ರೋಗಿಗಳ ಹೆಸರು ಇದ್ದರೆ ಬೇಡ. ಕಾರ್ಡ್ ನಂಬರ್ ಮಾತ್ರ ಬಳಸಿ, ಹೆಸರಿನ ಪಟ್ಟಿ ಬೀರುವಿನಲ್ಲಿರಲಿ.

ಒಂದು ದಿನ ಇಬ್ಬರೂ ಜೊತೆಗಿರಲು ಆದರೆ ತುಂಬಾ ಒಳ್ಳೆಯದು. ಆಗದಿದ್ದರೆ ಒಂದು ಗಂಟೆಯಾದರೂ ಇರಿ. ಆ ಗಂಟೆಯಲ್ಲಿ ನೋಟನ್ನು ನೀವು ಓದಿ ಹೇಳಬೇಡಿ. ಅವರ ಕೈಗೆ ಕೊಟ್ಟು, ‘ಕಾರ್ಡ್ 112ರವರಿಗೆ ಜ್ವರ ಬಂದು ಕೆಮ್ಮುತ್ತಾ ಬಂದರು, ಏನು ಕೊಡ್ತೀರಿ?’ ಅಂತ ಕೇಳಿ. ಅವರು ನೋಟಿನಲ್ಲಿ ಹುಡುಕಿ ಉತ್ತರ ಹೇಳಬೇಕು. ಎಲ್ಲಿ ತಡಕಾಡಿದರೋ ಆ ಸಾಲನ್ನು ಅಲ್ಲೇ ತಿದ್ದಿ ಬರೆಯಿರಿ. ಇದು ಪರೀಕ್ಷೆ ಮಾಡುವುದು ಅವರನ್ನಲ್ಲ, ನಿಮ್ಮ ಬರಹವನ್ನು. ಹಾಗೆಂದು ಅವರಿಗೆ ಮೊದಲೇ ಹೇಳಿ.

ಕೊನೆಗೆ, ಪ್ರತಿ ರೋಗಿಯ ಕೆಳಗೆ ನಾಲ್ಕು ಸಾಲು ಖಾಲಿ ಬಿಡಿ. ಏನಾಯಿತು, ಏನು ಬದಲಿಸಿದರು, ಯಾಕೆ ಅಂತ ಬದಲಿ ಡಾಕ್ಟರ್ ಅಲ್ಲೇ ತಾರೀಕು ಹಾಕಿ ಬರೆಯಲಿ. ವಾಪಸ್ ಬಂದ ದಿನ ಬೆಳಿಗ್ಗೆ ಮೊದಲ ರೋಗಿಯನ್ನು ಕರೆಯುವ ಮೊದಲು ಆ ಸಾಲುಗಳನ್ನು ಓದಿ. ಖಾಲಿಯೇ ಉಳಿದ ಹೆಸರು ಕಂಡರೆ, ಪರೀಕ್ಷೆಯ ದಿನ ಬಂದುಹೋಗಿದ್ದರೆ, ಆ ಮನೆಗೆ ಅವತ್ತೇ ಫೋನ್ ಮಾಡಿ.